ಪ್ಲಸ್ ಸೈಜ್ ಉಡುಪುಗಳ ಗಾತ್ರ ಸಂಖ್ಯೆ ಮತ್ತು ಅಳತೆ

ಪ್ಲಸ್ ಸೈಜ್ ಎಂಬುದು ಸಿದ್ಧ ಉಡುಪಿನ ಉದ್ಯಮದಲ್ಲಿ ಸಾಮಾನ್ಯ ಗಾತ್ರಗಳ ಸರಣಿ ಮುಗಿದ ಮೇಲೆ ಆರಂಭವಾಗುವ ದೊಡ್ಡ ಗಾತ್ರಗಳಿಗೆ ಬಳಕೆಯಲ್ಲಿರುವ ಹೆಸರು. ಅಮೆರಿಕದ ಮಹಿಳೆಯರ ಉಡುಪುಗಳಲ್ಲಿ ಇದು ಸಾಮಾನ್ಯವಾಗಿ 14 ಡಬ್ಲ್ಯೂ ಎಂಬ ಗಾತ್ರದಿಂದ ತೊಡಗುತ್ತದೆ. ಬ್ರಿಟನ್ನಿನಲ್ಲಿ 16 ಅಥವಾ 18ರಿಂದ ಮೇಲಿನ ಗಾತ್ರಗಳನ್ನು ಹೀಗೆ ಗುರುತಿಸುವುದು ರೂಢಿ. ಭಾರತದಲ್ಲಿ ಎಕ್ಸ್‌ಎಕ್ಸ್‌ಎಲ್ ದಾಟಿದ ಉಡುಪುಗಳಿಗೆ ಈ ಹೆಸರು ಬಳಕೆಯಾಗುತ್ತದೆ. ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ಯಾವ ಕಾನೂನೂ ನಿಗದಿಪಡಿಸಿಲ್ಲ. ಅದು ಆಯಾ ತಯಾರಕರ ನಿರ್ಧಾರ.

ಗಾತ್ರದ ಸಂಖ್ಯೆ ದೊಡ್ಡದಾದಂತೆ ಉಡುಪು ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತದೆ ಎಂಬ ಭಾವನೆ ಸಾಮಾನ್ಯ. ಆದರೆ ದೇಹ ಹಾಗೆ ಬೆಳೆಯುವುದಿಲ್ಲ. ಮೈ ತುಂಬಿಕೊಂಡಾಗ ಎದೆ, ಹೊಟ್ಟೆ, ನಿತಂಬ ಮತ್ತು ರಟ್ಟೆಯ ಸುತ್ತಳತೆಗಳು ಬಹಳ ಹೆಚ್ಚುತ್ತವೆ. ಮೂಳೆಯನ್ನು ಅವಲಂಬಿಸಿದ ಭುಜದ ಉದ್ದ ಮತ್ತು ಬೆನ್ನಿನ ಉದ್ದಗಳು ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತವೆ. ಆದ್ದರಿಂದ ಪ್ಲಸ್ ಸೈಜಿನ ಸಂಖ್ಯೆಗಳಿಗೆ ಪ್ರತ್ಯೇಕ ಕ್ರಮವೂ ತುಂಬು ಮೈಕಟ್ಟಿನ ಅಳತೆಗೆ ಪ್ರತ್ಯೇಕ ಎಚ್ಚರಿಕೆಗಳೂ ಬೇಕಾಗುತ್ತವೆ. ಈ ಲೇಖನವು ಮುಖ್ಯವಾಗಿ ಮಹಿಳೆಯರ ಮೇಲುಡುಪನ್ನು ಕುರಿತದ್ದು.

## ಹಿನ್ನೆಲೆ

ದೊಡ್ಡ ಗಾತ್ರದ ಸಿದ್ಧ ಉಡುಪುಗಳನ್ನು ವ್ಯವಸ್ಥಿತವಾಗಿ ತಯಾರಿಸಿದವರಲ್ಲಿ ನ್ಯೂಯಾರ್ಕಿನ ಲೇನ್ ಬ್ರಯಾಂಟ್ ಸಂಸ್ಥೆ ಮೊದಲಿಗರ ಸಾಲಿಗೆ ಸೇರುತ್ತದೆ. ಲಿಥುವೇನಿಯಾದಿಂದ ವಲಸೆ ಬಂದಿದ್ದ ಲೀನಾ ಹಿಮ್ಮೆಲ್‌ಸ್ಟೈನ್ ಬ್ರಯಾಂಟ್ ಎಂಬ ದರ್ಜಿ ಇದರ ಸ್ಥಾಪಕಿ. ಬ್ಯಾಂಕಿನ ದಾಖಲೆಯಲ್ಲಿ 'ಲೀನಾ' ಎಂಬುದು 'ಲೇನ್' ಎಂದು ತಪ್ಪಾಗಿ ನಮೂದಾಗಿ, ಅದೇ ಅಂಗಡಿಯ ಹೆಸರಾಗಿ ಉಳಿಯಿತೆಂದು ಹೇಳಲಾಗುತ್ತದೆ. ಆರಂಭದಲ್ಲಿ ಗರ್ಭಿಣಿಯರ ಉಡುಪಿಗೆ ಹೆಸರಾಗಿದ್ದ ಈ ಸಂಸ್ಥೆ ತುಂಬು ಮೈಕಟ್ಟಿನ ಮಹಿಳೆಯರ ಉಡುಪುಗಳತ್ತ ಹೊರಳಿತು. ಲೀನಾ ಅವರ ಪತಿ, ಎಂಜಿನಿಯರ್ ಆಗಿದ್ದ ಆಲ್ಬರ್ಟ್ ಮಾಲ್ಸಿನ್, ಅಂಗಡಿಯ ಸುಮಾರು 4,500 ಗ್ರಾಹಕರ ಅಳತೆಗಳನ್ನೂ ವಿಮಾ ಕಂಪನಿಯೊಂದರ ದಾಖಲೆಗಳನ್ನೂ ಕಲೆಹಾಕಿದರು. ತುಂಬು ದೇಹವೆಂದರೆ ಒಂದೇ ಬಗೆಯಲ್ಲ, ತೂಕ ಎಲ್ಲಿ ಸೇರಿದೆ ಎಂಬುದರ ಮೇಲೆ ಹಲವು ಬಗೆಗಳಿವೆ ಎಂಬುದನ್ನು ಅವರು ಆಗಲೇ ಗುರುತಿಸಿದ್ದರು. ಅಂದು ಈ ಉಡುಪುಗಳಿಗೆ 'ಸ್ಟೌಟ್' ಎಂಬ ಹೆಸರಿತ್ತು. 'ಪ್ಲಸ್ ಸೈಜ್' ಎಂಬ ಮಾತು 1920ರ ದಶಕದಲ್ಲಿ ಇದೇ ಸಂಸ್ಥೆಯ ಜಾಹೀರಾತುಗಳಲ್ಲಿ ಕಾಣಿಸಿಕೊಂಡಿತು.

ಅಮೆರಿಕದ ಕೃಷಿ ಇಲಾಖೆಯ ಪರವಾಗಿ ರೂತ್ ಓ'ಬ್ರಯನ್ ಮತ್ತು ವಿಲಿಯಂ ಶೆಲ್ಟನ್ ಸುಮಾರು 15,000 ಮಹಿಳೆಯರ ಅಳತೆ ತೆಗೆಸಿ 1941ರಲ್ಲಿ ವರದಿ ಪ್ರಕಟಿಸಿದರು. ಪ್ರತಿಯೊಬ್ಬರಿಂದಲೂ 59 ಅಳತೆಗಳನ್ನು ತೆಗೆಯಲಾಗಿತ್ತು. ಆದರೆ ಬಿಳಿಯ ಮಹಿಳೆಯರ ಅಳತೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡದ್ದು ಈ ಸಮೀಕ್ಷೆಯ ದೊಡ್ಡ ಕೊರತೆ. ಇದನ್ನು ಆಧರಿಸಿ 1958ರಲ್ಲಿ ಅಮೆರಿಕ ಸರ್ಕಾರ ಒಂದು ವಾಣಿಜ್ಯ ಮಾನಕವನ್ನು ಹೊರಡಿಸಿತು. ಪಾಲಿಸುವುದು ಕಡ್ಡಾಯವಲ್ಲದ ಈ ಮಾನಕ ಕ್ರಮೇಣ ಸಡಿಲಗೊಂಡು 1983ರಲ್ಲಿ ರದ್ದಾಯಿತು. ಅಲ್ಲಿಂದ ಮುಂದೆ ಒಂದೊಂದು ಬ್ರ್ಯಾಂಡಿನ ಸಂಖ್ಯೆಯೂ ಅದರದೇ ಆಯಿತು. ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆ ಪ್ಲಸ್ ಸೈಜಿಗೆಂದೇ 14 ಡಬ್ಲ್ಯೂನಿಂದ 40 ಡಬ್ಲ್ಯೂವರೆಗಿನ ಪ್ರತ್ಯೇಕ ಕೋಷ್ಟಕವನ್ನು ಪ್ರಕಟಿಸಿದೆ. ಅದನ್ನು ಅನುಸರಿಸುವುದೂ ಬಿಡುವುದೂ ತಯಾರಕರ ಇಚ್ಛೆ.

ಡೆಬೊರಾ ಕ್ರಿಸ್ಟೆಲ್ ಮತ್ತು ಸೂಸನ್ ಡನ್ ಅವರು ಅಮೆರಿಕದ ಆರೋಗ್ಯ ಸಮೀಕ್ಷೆಯ ಅಳತೆಗಳನ್ನು ಈ ಮಾನಕ ಕೋಷ್ಟಕಗಳೊಂದಿಗೆ ಹೋಲಿಸಿದಾಗ, ಸರಾಸರಿ ಅಮೆರಿಕನ್ ಮಹಿಳೆಯ ಗಾತ್ರ 16ರಿಂದ 18, ಅಂದರೆ ಪ್ಲಸ್ ಸರಣಿಯಲ್ಲಿ 20 ಡಬ್ಲ್ಯೂ ಎಂದು ಕಂಡುಬಂದಿತು. 'ಸಾಮಾನ್ಯ'ವೆಂದು ಕರೆಯಲಾಗುವ ಸರಣಿ ಸರಾಸರಿ ಮಹಿಳೆಯನ್ನೇ ಹೊರಗಿಟ್ಟಿದೆ ಎಂಬುದು ಇದರರ್ಥ.

## ಸಂಖ್ಯೆಗಳು ಮುಂದುವರಿಯುವ ಬಗೆ

ಅಮೆರಿಕದಲ್ಲಿ ಸಂಖ್ಯೆಯ ಮುಂದೆ ಬರುವ 'ಡಬ್ಲ್ಯೂ' ಅಕ್ಷರ 'ವಿಮೆನ್' ಎಂಬುದರ ಸೂಚಕ; ಅಗಲದ ಸೂಚಕವೆಂದು ಭಾವಿಸುವುದು ಸರಿಯಲ್ಲ. ಸಾಮಾನ್ಯ ಸರಣಿಗೆ 'ಮಿಸ್ಸಸ್' ಎಂಬ ಹೆಸರಿದೆ. ಈ ಎರಡು ಸರಣಿಗಳು ಒಂದರ ಬಾಲಕ್ಕೆ ಮತ್ತೊಂದನ್ನು ಜೋಡಿಸಿದಂತಿಲ್ಲ. ನಡುವೆ ಕೆಲವು ಸಂಖ್ಯೆಗಳು ಎರಡರಲ್ಲಿಯೂ ಬರುತ್ತವೆ. ಒಂದೇ ಬ್ರ್ಯಾಂಡಿನ 18 ಮತ್ತು 18 ಡಬ್ಲ್ಯೂ ಬೇರೆ ಬೇರೆ ಉಡುಪುಗಳು. ಡಬ್ಲ್ಯೂ ಉಡುಪಿನ ಸೊಂಟ ಹೆಚ್ಚು ಅಗಲ, ಎದೆಯ ತುದಿ ತುಸು ಕೆಳಗೆ, ತೋಳು ಹೆಚ್ಚು ಸಡಿಲ. ಮಿಸ್ಸಸ್ 18ರಲ್ಲಿ ತೋಳು ಬಿಗಿಯಾದವರು 20ಕ್ಕೆ ಹೋಗುವ ಮೊದಲು 18 ಡಬ್ಲ್ಯೂ ಧರಿಸಿ ನೋಡುವುದು ಉತ್ತಮ.

ಅಕ್ಷರದ ಗಾತ್ರಗಳಲ್ಲಿಯೂ ಇಂಥದೇ ಇಬ್ಬಗೆಯಿದೆ. ಎಕ್ಸ್‌ಎಲ್, ಎಕ್ಸ್‌ಎಕ್ಸ್‌ಎಲ್ ಎಂಬುವು ಸಾಮಾನ್ಯ ಸರಣಿಯನ್ನೇ ಹಿಗ್ಗಿಸಿದ ಗಾತ್ರಗಳು. 1ಎಕ್ಸ್, 2ಎಕ್ಸ್, 3ಎಕ್ಸ್ ಎಂದು 'ಎಲ್' ಇಲ್ಲದೆ ಬರೆದವು ಪ್ಲಸ್ ಸರಣಿಯವು. ಹಲವು ಬ್ರ್ಯಾಂಡ್‌ಗಳಲ್ಲಿ 1ಎಕ್ಸ್ ಎಂದರೆ 14 ಮತ್ತು 16 ಡಬ್ಲ್ಯೂ, 2ಎಕ್ಸ್ ಎಂದರೆ 18 ಮತ್ತು 20 ಡಬ್ಲ್ಯೂ, 3ಎಕ್ಸ್ ಎಂದರೆ 22 ಮತ್ತು 24 ಡಬ್ಲ್ಯೂ. ಆದ್ದರಿಂದ 2ಎಕ್ಸ್ ಮತ್ತು ಎಕ್ಸ್‌ಎಕ್ಸ್‌ಎಲ್ ಒಂದೇ ಎಂದು ತಿಳಿದು ಅಂತರ್ಜಾಲದಲ್ಲಿ ತರಿಸಿಕೊಂಡ ಉಡುಪು ಹಿಂದಿರುಗಿಸಬೇಕಾಗಿ ಬರುವುದುಂಟು.

ಜರ್ಮನಿಯ ಸಂಖ್ಯೆಗಳಲ್ಲಿ ಈ ವಿಸ್ತರಣೆಯ ತರ್ಕ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಎದೆ ಸುತ್ತಳತೆಯ ಸೆಂಟಿಮೀಟರುಗಳನ್ನು ಅರ್ಧ ಮಾಡಿ 6 ಕಳೆದರೆ ಗಾತ್ರ ಸಿಗುತ್ತದೆ: 88 ಸೆಂ.ಮೀ. ಎದೆಗೆ 38, 100 ಸೆಂ.ಮೀ. ಎದೆಗೆ 44. ಈ ಲೆಕ್ಕ 46ರವರೆಗೆ ಮಾತ್ರ ನಡೆಯುತ್ತದೆ. ಅಲ್ಲಿಯವರೆಗೆ ಒಂದು ಗಾತ್ರದಿಂದ ಮುಂದಿನದಕ್ಕೆ 4 ಸೆಂ.ಮೀ. ಅಂತರವಿದ್ದರೆ, ಅನಂತರ 6 ಸೆಂ.ಮೀ. ಆಗುತ್ತದೆ: 46ಕ್ಕೆ 104, 48ಕ್ಕೆ 110, 50ಕ್ಕೆ 116, 52ಕ್ಕೆ 122. ದೊಡ್ಡ ಗಾತ್ರಗಳಲ್ಲಿ ಮೆಟ್ಟಿಲುಗಳು ದೂರದೂರವಾಗುವುದರಿಂದ ಎರಡು ಗಾತ್ರಗಳ ನಡುವೆ ಸಿಕ್ಕಿಬೀಳುವವರ ಸಂಖ್ಯೆಯೂ ಹೆಚ್ಚು. ಎತ್ತರ ಕಡಿಮೆಯಿರುವವರಿಗೆ ಅಲ್ಲಿ ಸಂಖ್ಯೆಯನ್ನೇ ಅರ್ಧ ಮಾಡಿ ಬರೆಯುತ್ತಾರೆ; 24 ಎಂದರೆ ಗಿಡ್ಡ ಮೈಕಟ್ಟಿನ 48. ಅಮೆರಿಕದಲ್ಲಿಯೂ ಹಿಂದೆ ಗಿಡ್ಡ ಹಾಗೂ ತುಂಬು ಮೈಕಟ್ಟಿಗೆ 16½, 18½ ಎಂಬಂಥ ಅರ್ಧ ಗಾತ್ರಗಳಿದ್ದವು.

## ಗ್ರೇಡಿಂಗ್ ಮತ್ತು ಅದರ ಮಿತಿ

ಕಾರ್ಖಾನೆಯಲ್ಲಿ ಪ್ರತಿಯೊಂದು ಗಾತ್ರಕ್ಕೂ ಹೊಸದಾಗಿ ನಕ್ಷೆ ಬಿಡಿಸುವುದಿಲ್ಲ. ಒಂದು ಮೂಲ ಗಾತ್ರದ ಕಾಗದದ ಮಾದರಿಯನ್ನು ಸಿದ್ಧಪಡಿಸಿ, ನಿಗದಿತ ಅಂತರಗಳನ್ನು ಕೂಡಿಸುತ್ತಾ ಕಳೆಯುತ್ತಾ ಉಳಿದ ಗಾತ್ರಗಳನ್ನು ಪಡೆಯುತ್ತಾರೆ. ಇದಕ್ಕೆ ಗ್ರೇಡಿಂಗ್ ಎಂದು ಹೆಸರು. ಮೂಲ ಗಾತ್ರ 8 ಅಥವಾ 10 ಆಗಿದ್ದರೆ ಅದರ ಆಸುಪಾಸಿನ ಗಾತ್ರಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ದೂರ ಹೋದಂತೆ ಪ್ರತಿ ಹೆಜ್ಜೆಯಲ್ಲಿ ಸೇರಿದ ಸಣ್ಣ ತಪ್ಪು ದೊಡ್ಡದಾಗುತ್ತದೆ. ಪ್ರತಿ ಗಾತ್ರಕ್ಕೂ ಭುಜಕ್ಕೆ ಕಾಲು ಸೆಂಟಿಮೀಟರ್ ಕೂಡಿಸಿದರೂ ಹತ್ತನೆಯ ಗಾತ್ರದ ಹೊತ್ತಿಗೆ ಎರಡೂವರೆ ಸೆಂಟಿಮೀಟರ್ ಆಗಿ, ಭುಜದ ಹೊಲಿಗೆ ತೋಳಿನ ಮೇಲೆ ಜಾರಿ ಕೂರುತ್ತದೆ. ಅದೇ ಉಡುಪಿನಲ್ಲಿ ರಟ್ಟೆ ಬಿಗಿಯಾಗಿರುವುದೂ ಸಾಮಾನ್ಯ.

ಈ ಕಾರಣದಿಂದ ಪ್ಲಸ್ ಸರಣಿಯನ್ನು ಗಂಭೀರವಾಗಿ ಪರಿಗಣಿಸುವ ತಯಾರಕರು 18 ಡಬ್ಲ್ಯೂ ಅಥವಾ 20 ಡಬ್ಲ್ಯೂ ಮೈಕಟ್ಟಿನವರ ಮೇಲೆ ಧರಿಸಿ ನೋಡಿದ ಪ್ರತ್ಯೇಕ ಮೂಲ ಮಾದರಿಯನ್ನು ಇಟ್ಟುಕೊಳ್ಳುತ್ತಾರೆ. ಉಳಿದವರು ಸಾಮಾನ್ಯ ಮಾದರಿಯನ್ನೇ ಹಿಗ್ಗಿಸುತ್ತಾರೆ. ಕತ್ತು ಅಗಲ, ಭುಜ ಜಾರು, ತೋಳು ಬಿಗಿ ಎಂಬ ಮೂರು ದೋಷಗಳು ಒಟ್ಟಿಗೆ ಕಂಡರೆ ಉಡುಪು ಎರಡನೆಯ ಬಗೆಯದೆಂದು ಊಹಿಸಬಹುದು.

## ಅಳತೆ ತೆಗೆಯುವ ಕ್ರಮ

ದರ್ಜಿಗಳ ಸಾಮಾನ್ಯ ಟೇಪು 60 ಇಂಚು, ಅಂದರೆ 150 ಸೆಂ.ಮೀ. ಉದ್ದದ್ದು. ತುಂಬು ಮೈಕಟ್ಟಿನ ನಿತಂಬಕ್ಕೆ ಇದು ಸಾಲದೆ ಹೋಗಬಹುದು. ಎರಡು ತುಂಡುಗಳಾಗಿ ಅಳೆದು ಕೂಡಿಸುವುದಕ್ಕಿಂತ 120 ಇಂಚಿನ ಟೇಪನ್ನು ಬಳಸುವುದು ಒಳ್ಳೆಯದು. ಸೆರಗು, ದಪ್ಪ ಬಟ್ಟೆಗಳನ್ನು ತೆಗೆದು, ಉಡುಪಿನೊಳಗೆ ದಿನವೂ ಧರಿಸುವ ಬ್ರಾ ತೊಟ್ಟೇ ಅಳೆಯಬೇಕು, ಏಕೆಂದರೆ ಬ್ರಾ ಬದಲಾದರೆ ಎದೆಯ ಸುತ್ತಳತೆಯೂ ಎದೆತುದಿಯ ಎತ್ತರವೂ ಬದಲಾಗುತ್ತವೆ. ಸ್ವತಃ ಅಳೆದುಕೊಂಡರೆ ಬೆನ್ನ ಹಿಂದೆ ಟೇಪು ಇಳಿಯುವುದರಿಂದ ಮತ್ತೊಬ್ಬರ ನೆರವು ಅಗತ್ಯ. ಮೃದುವಾದ ಮೈಯಲ್ಲಿ ಟೇಪು ಸುಲಭವಾಗಿ ಒತ್ತಿ ಹೂತುಕೊಳ್ಳುತ್ತದೆ. ಆಗ ಅಳತೆ ಒಂದೆರಡು ಇಂಚು ಕಡಿಮೆ ಬರುತ್ತದೆ. ಟೇಪು ಮೈಗೆ ತಾಗಿರಬೇಕು, ಚರ್ಮದಲ್ಲಿ ಗೆರೆ ಮೂಡಿಸಬಾರದು.

ಮೊದಲು ತೆಗೆಯಬೇಕಾದದ್ದು *ಮೇಲೆದೆಯ ಸುತ್ತಳತೆ*. ಟೇಪನ್ನು ಕಂಕುಳಿನ ಕೆಳಗಿನಿಂದ ತಂದು, ಎದೆಯ ಉಬ್ಬಿನ ಮೇಲ್ಗಡೆ ಸೇರಿಸಿದಾಗ ಸಿಗುವ ಅಳತೆ ಇದು. ಅನಂತರ ಎದೆಯ ಅತ್ಯಂತ ತುಂಬಿದ ಭಾಗದಲ್ಲಿ, ನೆಲಕ್ಕೆ ಸಮಾನಾಂತರವಾಗಿ *ಪೂರ್ಣ ಎದೆ ಸುತ್ತಳತೆ*ಯನ್ನು ತೆಗೆಯಬೇಕು. ಅಮೆರಿಕದ ಮನೆಹೊಲಿಗೆಯ ಮಾದರಿಗಳು ಸಾಮಾನ್ಯವಾಗಿ ಈ ಎರಡರ ನಡುವೆ 2 ಇಂಚು ವ್ಯತ್ಯಾಸವಿದೆ ಎಂದು ಎಣಿಸಿ ತಯಾರಾಗುತ್ತವೆ. ಬ್ರಾ ಭಾಷೆಯಲ್ಲಿ ಇದು 'ಬಿ' ಕಪ್. ವ್ಯತ್ಯಾಸ ಇದಕ್ಕಿಂತ ಹೆಚ್ಚಿದ್ದರೆ ಪೂರ್ಣ ಎದೆಯ ಅಳತೆಯನ್ನು ನಂಬಿ ಗಾತ್ರ ಆರಿಸಬಾರದು. ಮೇಲೆದೆಯ ಅಳತೆ ಭುಜ, ಬೆನ್ನುಗಳ ಚೌಕಟ್ಟಿಗೆ ಹತ್ತಿರವಾದದ್ದು. ಅದರಿಂದ ಗಾತ್ರ ಆರಿಸಿ, ಎದೆಗೆ ಬೇಕಾದ ಹೆಚ್ಚುವರಿ ಬಟ್ಟೆಯನ್ನು ಮುಂಭಾಗಕ್ಕಷ್ಟೇ ಸೇರಿಸಬೇಕು.

ಸೊಂಟದ ಗೆರೆ ತುಂಬು ಮೈಯಲ್ಲಿ ಕಣ್ಣಿಗೆ ಕಾಣದಿರಬಹುದು. ತೆಳುವಾದ ಎಲಾಸ್ಟಿಕ್ ದಾರವನ್ನು ನಡುವಿಗೆ ಕಟ್ಟಿ, ಎಡಕ್ಕೂ ಬಲಕ್ಕೂ ಬಾಗಿದರೆ ಅದು ತಾನಾಗಿಯೇ ಹೋಗಿ ನಿಲ್ಲುವ ಜಾಗವೇ ಸೊಂಟ. ಉಳಿದ ಉದ್ದದ ಅಳತೆಗಳಿಗೂ ಈ ದಾರವೇ ಗುರುತು. ಕೆಳಗೆ ಅಳೆಯುವಾಗ ನಿತಂಬದ ಎತ್ತರದಲ್ಲೇ ಅತಿ ದೊಡ್ಡ ಸುತ್ತಳತೆ ಇರಬೇಕೆಂದಿಲ್ಲ. ಹೊಟ್ಟೆ ಮುಂದಿರುವವರಲ್ಲಿ ಅದು ಸೊಂಟದಿಂದ ಮೂರು ನಾಲ್ಕು ಇಂಚು ಕೆಳಗೇ ಇರಬಹುದು. ಟೇಪನ್ನು ಸಡಿಲವಾಗಿ ಮೇಲೆ ಕೆಳಗೆ ಸರಿಸಿ ದೊಡ್ಡ ಅಳತೆಯನ್ನೂ, ಅದು ಸೊಂಟದಿಂದ ಎಷ್ಟು ಕೆಳಗಿದೆ ಎಂಬುದನ್ನೂ ಬರೆದಿಡಬೇಕು. ಕುರ್ಚಿಯಲ್ಲಿ ಕುಳಿತು ಸೊಂಟ, ನಿತಂಬಗಳನ್ನು ಇನ್ನೊಮ್ಮೆ ಅಳೆಯುವುದು ಉಪಯುಕ್ತ. ಕುಳಿತಾಗ ಮೈ ಹರಡಿಕೊಳ್ಳುವುದರಿಂದ, ನಿಂತಾಗ ಸರಿಯಾಗಿದ್ದ ಕುರ್ತಾ ಬಸ್ಸಿನ ಸೀಟಿನಲ್ಲಿ ಹೊಟ್ಟೆಯ ಮೇಲೆ ಬಿಗಿಯುತ್ತದೆ.

ರಟ್ಟೆಯ ಸುತ್ತಳತೆಯನ್ನು ಕಂಕುಳಿಗೆ ಸಮೀಪದ ತುಂಬಿದ ಭಾಗದಲ್ಲಿ, ತೋಳನ್ನು ಸಹಜವಾಗಿ ಇಳಿಬಿಟ್ಟು ತೆಗೆಯಬೇಕು. ಬ್ರ್ಯಾಂಡ್‌ಗಳ ಗಾತ್ರ ಪಟ್ಟಿಗಳಲ್ಲಿ ಬಹುಪಾಲು ಇರದ ಅಳತೆಯಿದು. ಉಡುಪು ಏರದೆ ನಿಲ್ಲುವುದು ಮಾತ್ರ ಹೆಚ್ಚಾಗಿ ಇಲ್ಲಿಯೇ. ಕೊನೆಯದಾಗಿ ಕತ್ತಿನ ಪಕ್ಕದ ಭುಜದ ತುದಿಯಿಂದ ಎದೆತುದಿಯ ಮೇಲೆ ಹಾದು ಸೊಂಟದ ದಾರದವರೆಗೆ ಮುಂಭಾಗದ ಉದ್ದವನ್ನೂ, ಅದೇ ಬಿಂದುವಿನಿಂದ ಹಿಂಭಾಗದ ಉದ್ದವನ್ನೂ ತೆಗೆಯಬೇಕು. ಎದೆ ತುಂಬಿದಷ್ಟೂ ಮುಂಭಾಗದ ಉದ್ದ ಹೆಚ್ಚುತ್ತದೆ.

## ಒಂದು ಉದಾಹರಣೆ

ಅಮೆರಿಕದ ಮನೆಹೊಲಿಗೆಯ ಕಾಗದದ ಮಾದರಿಗಳಲ್ಲಿ ರೂಢಿಯಲ್ಲಿರುವ ಪ್ಲಸ್ ಗಾತ್ರಗಳ ದೇಹದ ಅಳತೆಗಳು ಇಂಚುಗಳಲ್ಲಿ ಹೀಗಿವೆ. ಸಿದ್ಧ ಉಡುಪಿನ ಸಂಖ್ಯೆಗಳು ಇವಕ್ಕಿಂತ ಸಾಮಾನ್ಯವಾಗಿ ಚಿಕ್ಕವಿರುತ್ತವೆ. ಮಾದರಿಯಲ್ಲಿ 22 ಡಬ್ಲ್ಯೂ ಹೊಲಿಯುವವರು ಅಂಗಡಿಯಲ್ಲಿ ಅದಕ್ಕಿಂತ ಕೆಳಗಿನ ಸಂಖ್ಯೆಯನ್ನು ಕೊಳ್ಳಬೇಕಾಗಬಹುದು.

| ಗಾತ್ರ | ಎದೆ | ಸೊಂಟ | ನಿತಂಬ |
|---|---|---|---|
| 20 ಡಬ್ಲ್ಯೂ | 42 | 35 | 44 |
| 22 ಡಬ್ಲ್ಯೂ | 44 | 37 | 46 |
| 24 ಡಬ್ಲ್ಯೂ | 46 | 39 | 48 |
| 26 ಡಬ್ಲ್ಯೂ | 48 | 41½ | 50 |

ಒಬ್ಬ ಮಹಿಳೆಯ ಮೇಲೆದೆ 42, ಪೂರ್ಣ ಎದೆ 46, ಸೊಂಟ 41, ನಿತಂಬ 49, ರಟ್ಟೆ 16 ಇಂಚು ಎಂದಿಟ್ಟುಕೊಳ್ಳೋಣ. ಅವರಿಗೆ ನೇರ ಕುರ್ತಾ ಬೇಕಾಗಿದೆ. ಎದೆಯನ್ನು ನೋಡಿ ಆರಿಸಿದರೆ 24 ಡಬ್ಲ್ಯೂ ಸರಿ ಎನಿಸುತ್ತದೆ. ಆದರೆ 24 ಡಬ್ಲ್ಯೂ ಮಾದರಿ 44 ಇಂಚಿನ ಮೇಲೆದೆಗಾಗಿ ಬಿಡಿಸಿದ್ದು. ಇವರ ಮೇಲೆದೆ 42 ಇರುವುದರಿಂದ ಚೌಕಟ್ಟು 22 ಡಬ್ಲ್ಯೂನದು. ಎದೆಯಲ್ಲಿ ಕೊರತೆಯಾಗುವ 2 ಇಂಚನ್ನು ಮುಂಭಾಗಕ್ಕೆ ಸೇರಿಸಬೇಕು.

ಕಾಗದದ ಮಾದರಿ ಮುಂಭಾಗದ ಅರ್ಧವನ್ನಷ್ಟೇ ತೋರಿಸುವುದರಿಂದ ಅದರಲ್ಲಿ ಸೇರಬೇಕಾದದ್ದು 1 ಇಂಚು. ಎದೆತುದಿಯನ್ನು ಗುರುತಿಸಿ, ಅಂಚಿನಿಂದ ಎದೆತುದಿಯವರೆಗೆ ನೇರ ಮೇಲಕ್ಕೆ, ಅಲ್ಲಿಂದ ಓರೆಯಾಗಿ ಆರ್ಮ್‌ಹೋಲಿನ ಹೊಲಿಗೆ ಗೆರೆಯವರೆಗೆ ಕತ್ತರಿಸುತ್ತಾರೆ. ಆ ತುದಿಯಲ್ಲಿ ಕಾಗದ ಬೇರೆಯಾಗದಂತೆ ತುಸು ಉಳಿಸುತ್ತಾರೆ. ಪಕ್ಕದ ಹೊಲಿಗೆಯಿಂದಲೂ ಎದೆತುದಿಯವರೆಗೆ ಒಂದು ಸೀಳು ಹಾಕಿ, ತುಂಡನ್ನು ಎದೆತುದಿಯ ಬಳಿ 1 ಇಂಚು ತೆರೆದರೆ ಪಕ್ಕದಲ್ಲಿ ತಾನಾಗಿಯೇ ಡಾರ್ಟಿನ ಬಾಯಿ ತೆರೆದುಕೊಳ್ಳುತ್ತದೆ. ನಮ್ಮ ದರ್ಜಿಗಳು ಇದನ್ನೇ ಟಕ್ಸ್ ಎನ್ನುತ್ತಾರೆ. ಕೆಳಗಿಳಿದ ಪಕ್ಕದ ತುಂಡಿಗೆ ಸಮನಾಗುವಂತೆ ನಡುವಿನ ತುಂಡನ್ನೂ ಉದ್ದ ಮಾಡಬೇಕು. ಮುಂಭಾಗಕ್ಕೆ ಬೇಕಾದ ಹೆಚ್ಚುವರಿ ಉದ್ದ ಇಲ್ಲಿಂದ ಸಿಗುತ್ತದೆ.

ಈಗ ಎದೆ 46 ಆಯಿತು. ಸೇರಿಸಿದ ಅಗಲ ಕೆಳಗಿನ ಅಂಚಿನವರೆಗೂ ಇಳಿದಿರುವುದರಿಂದ ಸೊಂಟ 37ರಿಂದ 39ಕ್ಕೂ ನಿತಂಬ 46ರಿಂದ 48ಕ್ಕೂ ಏರಿದೆ. ಸೊಂಟಕ್ಕೆ ಇನ್ನೂ 2 ಇಂಚು ಬೇಕು. ಎರಡು ಪಕ್ಕದ ಹೊಲಿಗೆಗಳಿಗೆ ಮುಂದೆ ಹಿಂದೆ ಸೇರಿ ನಾಲ್ಕು ಅಂಚುಗಳಿರುವುದರಿಂದ ಪ್ರತಿ ಅಂಚಿಗೆ ಅರ್ಧ ಇಂಚು. ನಿತಂಬಕ್ಕೆ ಬೇಕಾದ 1 ಇಂಚಿಗೆ ಪ್ರತಿ ಅಂಚಿನಲ್ಲಿ ಕಾಲು ಇಂಚು. ಉಡುಪಿನ ಸಡಿಲ ಮಾದರಿಯಲ್ಲಿ ಮೊದಲೇ ಅಡಗಿರುವುದರಿಂದ ಅದನ್ನು ಮತ್ತೆ ಕೂಡಿಸಬೇಕಾಗಿಲ್ಲ.

ಕುತೂಹಲದ ಸಂಗತಿಯೆಂದರೆ, 24 ಡಬ್ಲ್ಯೂ ಆರಿಸಿದ್ದರೂ ಎದೆ, ಸೊಂಟ, ನಿತಂಬಗಳ ಮೊತ್ತ ಇಷ್ಟೇ ಬರುತ್ತಿತ್ತು. ಬಟ್ಟೆ ಎಲ್ಲಿ ಕೂತಿದೆ ಎಂಬುದಷ್ಟೇ ಬೇರೆ. 24 ಡಬ್ಲ್ಯೂನಲ್ಲಿ ಹೆಚ್ಚಿದ ಅಗಲ ಮುಂದಕ್ಕೂ ಹಿಂದಕ್ಕೂ ಹಂಚಿಹೋಗಿ, ಬೆನ್ನಿನಲ್ಲಿ ಬಟ್ಟೆ ಉಳಿಯುತ್ತಿತ್ತು, ಎದೆಯ ಮೇಲೆ ಸಾಲದಾಗುತ್ತಿತ್ತು, ಕತ್ತು ಮತ್ತು ಭುಜ ಅಗಲವಾಗುತ್ತಿದ್ದವು. ಟೇಪಿನಲ್ಲಿ ಎರಡೂ ಒಂದೇ, ಮೈಮೇಲೆ ಒಂದಲ್ಲ.

ತೋಳಿಗೆ ಬರೋಣ. 16 ಇಂಚಿನ ರಟ್ಟೆಗೆ ಹಿಗ್ಗದ ಹತ್ತಿಬಟ್ಟೆಯಲ್ಲಿ ಸುಮಾರು 2 ಇಂಚು ಸಡಿಲ ಬೇಕು, ಅಂದರೆ ಸಿದ್ಧವಾದ ತೋಳು ಆ ಎತ್ತರದಲ್ಲಿ 18 ಇಂಚು ಇರಬೇಕು. ಮಾದರಿಯ ತೋಳು 16½ ಇದ್ದರೆ 1½ ಇಂಚು ಸೇರಿಸಬೇಕು. ತೋಳನ್ನು ಉದ್ದಕ್ಕೂ ಅಡ್ಡಕ್ಕೂ ಸೀಳಿ, ಹೊರಗಿನ ಅಂಚುಗಳನ್ನು ಬಿಡದೆ ನಡುವೆ ತೆರೆದರೆ, ಆರ್ಮ್‌ಹೋಲಿಗೆ ಕೂಡಿಸುವ ಅಂಚು ಉದ್ದವಾಗದೆ ಅಗಲ ಹೆಚ್ಚುತ್ತದೆ. ಆದರೆ ತೋಳಿನ ಮೇಲಿನ ಗುಮ್ಮಟದ ಎತ್ತರ ತಗ್ಗುತ್ತದೆ. ಅದನ್ನು ಮತ್ತೆ ಸ್ವಲ್ಪ ಎತ್ತರಿಸಿ ಬಿಡಿಸದಿದ್ದರೆ ತೋಳಿನ ಮೇಲ್ಭಾಗದಲ್ಲಿ ಅಡ್ಡ ಎಳೆತ ಕಾಣಿಸಿಕೊಳ್ಳುತ್ತದೆ.

## ಹೊಂದದಿರುವುದರ ಗುರುತುಗಳು

ಎದೆತುದಿಯಿಂದ ಹೊರಟು ಕಂಕುಳಿನ ಕಡೆಗೆ ಹರಡುವ ಸುಕ್ಕುಗಳು, ಮುಂಭಾಗದ ಗುಂಡಿಗಳ ನಡುವಿನ ಬಿರುಕು, ಮುಂದಿನ ಅಂಚು ಹಿಂದಿನದಕ್ಕಿಂತ ಮೇಲೇರುವುದು ಇವು ಎದೆಯಲ್ಲಿ ಬಟ್ಟೆ ಸಾಲದಿರುವುದನ್ನು ಹೇಳುತ್ತವೆ. ಮುಂದಿನ ಅಂಚು ಏರುವುದಕ್ಕೆ ಹೊಟ್ಟೆಯೂ ಕಾರಣವಿರಬಹುದು. ಸುಕ್ಕು ಎಲ್ಲಿಂದ ಹೊರಡುತ್ತಿದೆ ಎಂದು ನೋಡಿದರೆ ತಿಳಿಯುತ್ತದೆ. ಭುಜದ ಹೊಲಿಗೆ ಜಾರಿ, ಕತ್ತು ಬಾಯ್ದೆರೆದಿದ್ದರೆ ಚೌಕಟ್ಟು ದೊಡ್ಡದಾಯಿತೆಂದು ಅರ್ಥ. ಎರಡೂ ಬಗೆಯ ಗುರುತುಗಳು ಒಂದೇ ಉಡುಪಿನಲ್ಲಿ ಕಂಡರೆ ಇನ್ನೂ ದೊಡ್ಡ ಗಾತ್ರ ಪರಿಹಾರವಲ್ಲ, ಅದು ಎರಡನೆಯ ದೋಷವನ್ನು ಹೆಚ್ಚಿಸುತ್ತದೆ. ಕೈ ಎತ್ತಿದಾಗ ಇಡೀ ಉಡುಪು ಮೇಲೇಳುವುದಾದರೆ ಆರ್ಮ್‌ಹೋಲ್ ತುಂಬ ಕೆಳಗಿದೆ. ಬಿಗಿಯಾದ ತೋಳಿಗೆ ಆರ್ಮ್‌ಹೋಲನ್ನು ಕೆಳಗೆ ಕೊರೆದು ಸಡಿಲ ಮಾಡಹೊರಟಾಗ ಬರುವ ತೊಂದರೆಯಿದು.

ಹಿಗ್ಗುವ ಹೆಣೆದ ಬಟ್ಟೆಯಲ್ಲಿ ಈ ದೋಷಗಳು ಮರೆಯಾಗುತ್ತವೆ. ಪ್ಲಸ್ ಸರಣಿಯಲ್ಲಿ ಅಂಥ ಬಟ್ಟೆಯ ಉಡುಪುಗಳು ಹೇರಳವಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

## ಭಾರತದಲ್ಲಿ

ಭಾರತದ ಸಿದ್ಧ ಕುರ್ತಾ, ರವಿಕೆಗಳಲ್ಲಿ ಇಂಚಿನ ಸಂಖ್ಯೆ ಮತ್ತು ಅಕ್ಷರ ಎರಡೂ ಬಳಕೆಯಲ್ಲಿವೆ. ಹಲವು ಬ್ರ್ಯಾಂಡ್‌ಗಳು 42ನ್ನು ಎಕ್ಸ್‌ಎಲ್, 44ನ್ನು ಎಕ್ಸ್‌ಎಕ್ಸ್‌ಎಲ್, 46ನ್ನು 3ಎಕ್ಸ್‌ಎಲ್ ಎನ್ನುತ್ತವೆ. ಈ ಸಂಖ್ಯೆ ಕೆಲವರಲ್ಲಿ ದೇಹದ ಎದೆ ಸುತ್ತಳತೆ, ಕೆಲವರಲ್ಲಿ ಉಡುಪಿನ ಸುತ್ತಳತೆ. ದೇಹದ 44ಕ್ಕೂ ಉಡುಪಿನ 44ಕ್ಕೂ ಸಡಿಲದಷ್ಟು, ಅಂದರೆ ಎರಡರಿಂದ ನಾಲ್ಕು ಇಂಚು ಅಂತರವಿರುವುದರಿಂದ, ಪಟ್ಟಿಯಲ್ಲಿ ಯಾವುದನ್ನು ಕೊಟ್ಟಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ಮನೆಯಲ್ಲಿರುವ ಸರಿಹೊಂದುವ ಕುರ್ತಾವನ್ನು ನೆಲದ ಮೇಲೆ ಹಾಸಿ, ಕಂಕುಳಿನಿಂದ ಕಂಕುಳಿಗೆ ಅಳೆದು ಇಮ್ಮಡಿಸಿ ಹೋಲಿಸುವುದು ಸುಲಭದ ದಾರಿ.

ಸಿದ್ಧ ರವಿಕೆಗಳ ಪಕ್ಕದ ಹೊಲಿಗೆಯೊಳಗೆ ಬಿಡುವ ಮಾರ್ಜಿನ್ ಬಟ್ಟೆಯನ್ನು ಬಿಚ್ಚಿ ದೊಡ್ಡದು ಮಾಡಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಒಂದೆರಡು ಇಂಚಿಗೆ ಇದು ಸಾಕು. ಆದರೆ ಮಾರ್ಜಿನ್ ಪಕ್ಕದಲ್ಲಿ ಮಾತ್ರ ಅಗಲ ಕೊಡುತ್ತದೆ, ಮುಂಭಾಗಕ್ಕೆ ಉದ್ದ ಕೊಡುವುದಿಲ್ಲ. ಎದೆ ತುಂಬಿದವರಲ್ಲಿ ರವಿಕೆಯ ಕೆಳಪಟ್ಟಿ ಮೇಲೇರುವುದು ಹಾಗೆಯೇ ಉಳಿಯುತ್ತದೆ. ದರ್ಜಿಗೆ ಹಳೆಯ ಅಳತೆ ರವಿಕೆಯನ್ನು ಕೊಡುವಾಗಲೂ ಇದೇ ಮಿತಿ ಎದುರಾಗುತ್ತದೆ. ಆ ರವಿಕೆಯಲ್ಲಿದ್ದ ದೋಷ ಹೊಸದಕ್ಕೂ ಇಳಿಯುತ್ತದೆ. ಅಳತೆ ರವಿಕೆಯ ಜೊತೆಗೆ ಮೇಲೆದೆ, ಪೂರ್ಣ ಎದೆ, ರಟ್ಟೆ ಮತ್ತು ಮುಂಭಾಗದ ಉದ್ದ ಎಂಬ ನಾಲ್ಕು ಅಳತೆಗಳನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಕತ್ತರಿಸುವವರಿಗೆ ಆಧಾರ ಸಿಗುತ್ತದೆ. ಎದೆಯ ಭಾಗವನ್ನು ಪ್ರತ್ಯೇಕ ತುಂಡುಗಳಲ್ಲಿ ರೂಪಿಸುವ ಕಟೋರಿ ಮತ್ತು ಪ್ರಿನ್ಸೆಸ್ ಕಟ್ ರವಿಕೆಗಳಲ್ಲಿ ಈ ಹೆಚ್ಚುವರಿ ಬಟ್ಟೆಯನ್ನು ಸೇರಿಸುವುದು ಸುಲಭ.

ಭಾರತೀಯರ ದೇಹದ ಅಳತೆಗಳನ್ನೇ ಆಧರಿಸಿದ ಗಾತ್ರ ಪಟ್ಟಿಗಾಗಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು 'ಇಂಡಿಯಾಸೈಜ್' ಯೋಜನೆಯನ್ನು ಕೈಗೊಂಡಿದೆ. ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 15ರಿಂದ 65 ವರ್ಷದ 25,000 ಜನರನ್ನು ತ್ರಿ-ಆಯಾಮದ ಸ್ಕ್ಯಾನರಿನಿಂದ ಅಳೆಯುವುದು ಈ ಯೋಜನೆಯ ಗುರಿಯಾಗಿತ್ತು.